ಸೋಮವಾರದ 20 ಮಿಲಿಕ್ಯೂರಿ, ಮಂಗಳವಾರದ 20 ಮಿಲಿಕ್ಯೂರಿ

ನಾನು ಕೆಲಸ ಮಾಡೋದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ಹಾಟ್ ಲ್ಯಾಬ್‌ನಲ್ಲಿ. ರೋಗಿಗೆ ಕೊಡುವ ವಿಕಿರಣಶೀಲ ಇಂಜೆಕ್ಷನ್ ತಯಾರಾಗುವುದು ಇಲ್ಲೇ. ನಮ್ಮ ದಿನನಿತ್ಯದ ಸರಕು ಟೆಕ್ನೀಶಿಯಂ-99ಎಂ. ಅದರ ಅರ್ಧಾಯು 6 ಗಂಟೆ. ಅಷ್ಟು ಬೇಗ ಕರಗುವ ವಸ್ತುವನ್ನು ದೂರದಿಂದ ತರಿಸಿ ಇಟ್ಟುಕೊಳ್ಳಲು ಆಗುವುದಿಲ್ಲ. ಅದಕ್ಕೇ 66 ಗಂಟೆ ಅರ್ಧಾಯುವಿನ ಮಾಲಿಬ್ಡಿನಂ-99 ತುಂಬಿದ ಜನರೇಟರ್ ಬರುತ್ತದೆ. ಮಾಲಿಬ್ಡಿನಂ ಒಳಗೆ ಒಡೆಯುತ್ತಾ ಟೆಕ್ನೀಶಿಯಂ ಆಗುತ್ತಿರುತ್ತದೆ. ಬೆಳಿಗ್ಗೆ ಉಪ್ಪುನೀರು ಹಾಯಿಸಿದರೆ ಆ ಟೆಕ್ನೀಶಿಯಂ ಮಾತ್ರ ಹೊರಗೆ ಬರುತ್ತದೆ. ಇದಕ್ಕೆ ನಾವು ಹಾಲು ಕರೆಯೋದು ಅಂತಲೇ ಹೇಳುತ್ತೇವೆ.

ಹೊಸಬರು ಬಂದಾಗ ಮೊದಲು ಕಲಿಸೋದು ಡೋಸ್ ಲೆಕ್ಕ. ಮೂಳೆ ಸ್ಕ್ಯಾನ್‌ಗೆ 11:30ಕ್ಕೆ 20 ಮಿಲಿಕ್ಯೂರಿ ಬೇಕು, ಈಗ ಗಂಟೆ 8:30. ಎಷ್ಟು ಎಳೆಯಬೇಕು? ಹೆಚ್ಚಿನವರು ಹೇಳೋದು ಹೀಗೆ: ಆರು ಗಂಟೆಗೆ ಅರ್ಧ ಹೋದರೆ ಮೂರು ಗಂಟೆಗೆ ಕಾಲು ಭಾಗ ಹೋಗುತ್ತದೆ, ಅಲ್ವಾ? ಅಲ್ಲ. ಸೂತ್ರ ಇದು:

A = A₀ × 0.5^(t/6)

A₀ ಅಂದರೆ ಈಗಿರುವ ಮಿಲಿಕ್ಯೂರಿ, A ಅಂದರೆ ಆಮೇಲೆ ಉಳಿಯುವುದು, t ಅಂದರೆ ಗಂಟೆಗಳು. 3 ಹಾಕಿದರೆ 0.707 ಬರುತ್ತದೆ. ಅಂದರೆ ಮೊದಲ ಮೂರು ಗಂಟೆಯಲ್ಲಿ ನೂರಕ್ಕೆ 29 ಹೋಗುತ್ತದೆ, ಮುಂದಿನ ಮೂರು ಗಂಟೆಯಲ್ಲಿ 21. ಶುರುವಿನಲ್ಲಿ ಒಡೆಯಲು ಇರುವ ನ್ಯೂಕ್ಲಿಯಸ್‌ಗಳೇ ಜಾಸ್ತಿ, ಹಾಗಾಗಿ ಒಡೆಯುವುದೂ ಜಾಸ್ತಿ. 20ನ್ನು 0.707ರಿಂದ ಭಾಗಿಸಿ, 28.3 ಮಿಲಿಕ್ಯೂರಿ ಎಳೆಯಿರಿ. ಇಷ್ಟು ಎರಡು ದಿನದಲ್ಲಿ ಕೈಗೆ ಹತ್ತುತ್ತದೆ. ಗೋಡೆ ಮೇಲೆ ಕೋಷ್ಟಕವೂ ಇರುತ್ತದೆ.

ಜನ ನಿಜವಾಗಿ ಎಡವೋದು ಬೇರೆ ಕಡೆ.

ಒಂದು ಸೋಮವಾರ ಮಿದುಳಿನ ರಕ್ತಸಂಚಾರ ನೋಡುವ ಎಚ್‌ಎಂಪಿಎಓ ಕಿಟ್ ತಯಾರಿಸಿದ ಹುಡುಗಿ ಪೇಪರ್ ಪಟ್ಟಿ ಪರೀಕ್ಷೆಯ ಫಲಿತಾಂಶ ಹಿಡಿದು ಬಂದಳು. ಕಿಟ್‌ನ ವಯಲ್‌ನಲ್ಲಿರುವ ಔಷಧಕ್ಕೆ ನಾವು ಟೆಕ್ನೀಶಿಯಂ ಬೆರೆಸುತ್ತೇವೆ; ಅದರಲ್ಲಿ ಔಷಧಕ್ಕೆ ಅಂಟಿಕೊಂಡದ್ದು ನೂರಕ್ಕೆ ಕನಿಷ್ಠ 80 ಇರಬೇಕು. ಅವಳಿಗೆ ಬಂದದ್ದು 70ರ ಆಸುಪಾಸು. "ಸರ್, 20 ಮಿಲಿಕ್ಯೂರಿ ಸರಿಯಾಗೇ ಹಾಕಿದ್ದೀನಿ. ಮೀಟರ್‌ನಲ್ಲಿ ಎರಡು ಸಲ ನೋಡಿದೆ."

ಅವಳ ಮೀಟರ್ ಸುಳ್ಳು ಹೇಳಿರಲಿಲ್ಲ. "ಜನರೇಟರ್ ಹಿಂದಿನ ಸಲ ಕರೆದಿದ್ದು ಯಾವಾಗಮ್ಮಾ?" ಅಂದೆ. ಶುಕ್ರವಾರ ಬೆಳಿಗ್ಗೆ. ಅಂದರೆ 72 ಗಂಟೆ ಹಿಂದೆ.

ಮಿಲಿಕ್ಯೂರಿ ಅಳೆಯುವುದು ಒಡೆಯುವ ವೇಗವನ್ನು. 20 ಮಿಲಿಕ್ಯೂರಿ ಅಂದರೆ ಸೆಕೆಂಡಿಗೆ 74 ಕೋಟಿ ನ್ಯೂಕ್ಲಿಯಸ್ ಒಡೆಯುತ್ತಿವೆ ಅಂತ. ಒಟ್ಟು ಎಷ್ಟಿವೆ ಅನ್ನುವುದು, ಅಂದರೆ N, ಬೇರೆ ಲೆಕ್ಕ:

A = λN, λ = 0.693 / ಅರ್ಧಾಯು

6 ಗಂಟೆಯನ್ನು ಸೆಕೆಂಡ್ ಮಾಡಿದರೆ 21,600. ಅದರಿಂದ λ ತೆಗೆದರೆ, ಟೆಕ್ನೀಶಿಯಂ-99ಎಂನಲ್ಲಿ ಸೆಕೆಂಡಿಗೆ ಸುಮಾರು 31,000ದಲ್ಲಿ ಒಂದು ನ್ಯೂಕ್ಲಿಯಸ್ ಒಡೆಯುತ್ತದೆ. 74 ಕೋಟಿಯನ್ನು ಈ 31,000ದಿಂದ ಗುಣಿಸಿದರೆ ಸುಮಾರು 23 ಲಕ್ಷ ಕೋಟಿ ನ್ಯೂಕ್ಲಿಯಸ್. ಕೇಳಲು ದೊಡ್ಡದು, ತೂಕ ಮಾತ್ರ ನಾಲ್ಕು ನ್ಯಾನೋಗ್ರಾಂ ಕೂಡ ಇಲ್ಲ. ಅದೇ 20 ಮಿಲಿಕ್ಯೂರಿ ಮಾಲಿಬ್ಡಿನಂ ಆಗಿದ್ದರೆ ಅರ್ಧಾಯು 11 ಪಟ್ಟು ಜಾಸ್ತಿ, ಹಾಗಾಗಿ ನ್ಯೂಕ್ಲಿಯಸ್‌ಗಳೂ 11 ಪಟ್ಟು ಜಾಸ್ತಿ ಇರಬೇಕು.

ಈಗ ಮುಖ್ಯ ವಿಷಯ. ಟೆಕ್ನೀಶಿಯಂ-99ಎಂ ಗಾಮಾ ಕಿರಣ ಬಿಟ್ಟ ಮೇಲೆ ಮಾಯವಾಗುವುದಿಲ್ಲ. ಟೆಕ್ನೀಶಿಯಂ-99 ಆಗಿ ಉಳಿಯುತ್ತದೆ. ಅದರ ಅರ್ಧಾಯು ಸುಮಾರು 2 ಲಕ್ಷ 11 ಸಾವಿರ ವರ್ಷ. ನಮ್ಮ 23 ಲಕ್ಷ ಕೋಟಿಯೂ ಹೀಗೆ ಬದಲಾದ ಮೇಲೆ ಸೆಕೆಂಡಿಗೆ ಒಡೆಯುವುದು ಎರಡೋ ಮೂರೋ. 74 ಕೋಟಿ ಎಲ್ಲಿ, ಮೂರು ಎಲ್ಲಿ! ಮೀಟರ್‌ಗೆ ಅದು ಇದ್ದರೂ ಇಲ್ಲದ ಹಾಗೆ. ಆದರೆ ಕಿಟ್‌ನ ಒಳಗಿನ ರಸಾಯನಕ್ಕೆ ಎರಡೂ ಒಂದೇ ಟೆಕ್ನೀಶಿಯಂ. ಅದು ಯಾವುದು ಒಡೆಯುತ್ತದೆ ಅಂತ ಕೇಳುವುದಿಲ್ಲ, ಪರಮಾಣು ಎಷ್ಟಿವೆ ಅಂತ ಮಾತ್ರ ನೋಡುತ್ತದೆ.

ಜನರೇಟರ್ ಸುಮ್ನೆ ಕೂತಷ್ಟೂ ಒಳಗೆ ಈ ಟೆಕ್ನೀಶಿಯಂ-99 ಗುಡ್ಡೆ ಬೀಳುತ್ತದೆ. ಮಾಲಿಬ್ಡಿನಂನ ಒಂದು ಸಣ್ಣ ಪಾಲು, ನೂರಕ್ಕೆ ಸುಮಾರು 12, ನೇರವಾಗಿಯೇ ಅದಾಗುತ್ತದೆ. ದಿನಕ್ಕೊಮ್ಮೆ ಕರೆದರೆ, ಹೊರಬರುವ ನೂರು ಟೆಕ್ನೀಶಿಯಂ ಪರಮಾಣುಗಳಲ್ಲಿ ಸುಮಾರು 28 ನಮಗೆ ಬೇಕಾದ 99ಎಂ. 72 ಗಂಟೆ ಬಿಟ್ಟು ಕರೆದರೆ ಬರೀ 8.

ಹಾಗಾಗಿ ಮಂಗಳವಾರದ 20 ಮಿಲಿಕ್ಯೂರಿಯಲ್ಲಿ ಒಟ್ಟು ಟೆಕ್ನೀಶಿಯಂ ಸುಮಾರು 82 ಲಕ್ಷ ಕೋಟಿ ಪರಮಾಣು. ಸೋಮವಾರದ 20 ಮಿಲಿಕ್ಯೂರಿಯಲ್ಲಿ 300 ಲಕ್ಷ ಕೋಟಿಯ ಹತ್ತಿರ. ಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ.

ಕಿಟ್‌ನಲ್ಲಿ ಟೆಕ್ನೀಶಿಯಂ ಔಷಧಕ್ಕೆ ಅಂಟಬೇಕಾದರೆ ಮೊದಲು ಸ್ಟಾನಸ್ ತವರ ಅದಕ್ಕೆ ಎಲೆಕ್ಟ್ರಾನ್ ಕೊಡಬೇಕು. ಎಚ್‌ಎಂಪಿಎಓ ಕಿಟ್‌ನಲ್ಲಿ ಈ ತವರ ಇರುವುದು ಕೆಲವೇ ಮೈಕ್ರೋಗ್ರಾಂ. ಪರಮಾಣು ಎಣಿಸಿದರೆ ತವರವೇ ಜಾಸ್ತಿ ಇದೆ, ಒಪ್ಪುತ್ತೇನೆ. ಆದರೆ ವಯಲ್‌ಗೆ ನುಗ್ಗಿದ ಗಾಳಿಯೂ ಅದನ್ನು ತಿನ್ನುತ್ತದೆ. ಬಹಳ ಹೊತ್ತು ಕರೆಯದ ಜನರೇಟರ್‌ನಲ್ಲಿ ವಿಕಿರಣವೇ ನೀರಿನಿಂದ ಹುಟ್ಟಿಸಿದ ಪೆರಾಕ್ಸೈಡ್‌ನಂಥವೂ ತಿನ್ನುತ್ತವೆ. ಸೋಮವಾರ ಇವೆಲ್ಲ ಒಟ್ಟಿಗೆ ಬಂದವು. ಯಾವುದರ ಪಾಲು ಎಷ್ಟು ಅಂತ ಪಟ್ಟಿ ಪರೀಕ್ಷೆ ಹೇಳುವುದಿಲ್ಲ. ಅದಕ್ಕೇ ಈ ಕಿಟ್‌ನ ಕಾಗದದಲ್ಲಿ, 24 ಗಂಟೆಯೊಳಗೆ ಒಮ್ಮೆ ಕರೆದ ಜನರೇಟರ್‌ನಿಂದಲೇ ತೆಗೆದು ಬಳಸಿ ಅಂತ ಬರೆದಿರುತ್ತದೆ. ಅದನ್ನು ಮೀರಿ ಚುಚ್ಚಿದ್ದರೆ ಅಂಟದೆ ಉಳಿದ ಟೆಕ್ನೀಶಿಯಂ ಥೈರಾಯ್ಡ್, ಜೊಲ್ಲುಗ್ರಂಥಿ, ಹೊಟ್ಟೆಯಲ್ಲಿ ಹೊಳೆಯುತ್ತಿತ್ತು. ಮಿದುಳಿನ ಚಿತ್ರ ಮಂಕಾಗುತ್ತಿತ್ತು.

ಆ ವಯಲ್ ಬದಿಗಿಟ್ಟೆವು. ಬೆಳಿಗ್ಗೆ 8ಕ್ಕೆ ಕರೆದಿದ್ದನ್ನು ಮೂಳೆ ಸ್ಕ್ಯಾನ್‌ಗಳಿಗೆ ಬಳಸಿದೆವು. ಆ ಕಿಟ್‌ನಲ್ಲಿ ತವರ ಧಾರಾಳವಾಗಿರುತ್ತದೆ, ಸೋಮವಾರದ ಸರಕಾದರೂ ಪಟ್ಟಿ ಪರೀಕ್ಷೆ ಪಾಸಾಗುತ್ತದೆ. ಮಿದುಳಿನ ರೋಗಿಯನ್ನು ಮಧ್ಯಾಹ್ನಕ್ಕೆ ಬರಹೇಳಿ 12ಕ್ಕೆ ಮತ್ತೊಮ್ಮೆ ಕರೆದೆವು. ನಾಲ್ಕೇ ಗಂಟೆಯಾದ್ದರಿಂದ ಆಕ್ಟಿವಿಟಿ, ಅಂದರೆ ಮಿಲಿಕ್ಯೂರಿ, 24 ಗಂಟೆ ಬಿಟ್ಟು ಕರೆದರೆ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಕಮ್ಮಿ. ಆದರೆ ನೂರರಲ್ಲಿ 70ರಷ್ಟು ಪರಮಾಣು 99ಎಂ. ಹೊಸ ಕಿಟ್ ಪಾಸಾಯಿತು.

ಅವಳಿಗೆ ಇನ್ನೊಂದು ಅನುಮಾನ ಇತ್ತು. "ಸಂಜೆ ಆದರೆ ಸೂತ್ರ ಹಾಕಿ ಜಾಸ್ತಿ ಎಂಎಲ್ ಎಳೆದರೆ ಸರಿಹೋಗಲ್ವಾ ಸರ್?" ಆಕ್ಟಿವಿಟಿ ಸರಿಹೋಗುತ್ತದೆ. ಆದರೆ ಬೆಳಿಗ್ಗೆಯ ವಯಲ್‌ನಲ್ಲಿ ಆರು ಗಂಟೆಯಾದ ಮೇಲೂ ಟೆಕ್ನೀಶಿಯಂ ಪರಮಾಣು ಒಂದೂ ಕಮ್ಮಿಯಾಗಿಲ್ಲ ಅಂತಲೇ ಲೆಕ್ಕ. ಅರ್ಧವಾಗಿರುವುದು 99ಎಂ ಮಾತ್ರ. ಮಂಗಳವಾರದ 28 ಈಗ 14 ಆಗಿರುತ್ತದೆ. ಎರಡು ಪಟ್ಟು ಎಂಎಲ್ ಎಳೆದರೆ ಕಿಟ್‌ಗೆ ಹೋಗುವ ಟೆಕ್ನೀಶಿಯಂ ಕೂಡ ಎರಡು ಪಟ್ಟು.

ಈಗ ನಮ್ಮ ವಯಲ್ ಚೀಟಿಯಲ್ಲಿ ಮಿಲಿಕ್ಯೂರಿ, ಎಂಎಲ್, ಕರೆದ ಸಮಯದ ಜೊತೆ ನಾಲ್ಕನೇ ಸಾಲು ಒಂದಿದೆ: ಹಿಂದಿನ ಸಲ ಕರೆದದ್ದು ಯಾವಾಗ. ಎಚ್‌ಎಂಪಿಎಓ ಇರುವ ಸೋಮವಾರಕ್ಕೆ ಭಾನುವಾರ ಡ್ಯೂಟಿಯಲ್ಲಿರುವವರು ಬಂದು ಒಮ್ಮೆ ಕರೆದು ಹೋಗುತ್ತಾರೆ. ಭಾನುವಾರ ಬರೋದಕ್ಕೆ ಗೊಣಗಾಟ ಇದ್ದೇ ಇದೆ.