ಕುಗ್ಗದ ಟಾರ್ಟ್ ಶೆಲ್: ಮೂರು ಭಾನುವಾರಗಳ ಟಿಪ್ಪಣಿ

ನಿಂಬೆ ಟಾರ್ಟ್‌ನ ಹೂರಣ ನೀರಾಗಿರುತ್ತದೆ, ಕಡಿಮೆ ಶಾಖದಲ್ಲಿ ಬೇಯುತ್ತದೆ. ಹಸಿ ಹಿಟ್ಟಿನ ಮೇಲೆ ಅದನ್ನು ನೇರವಾಗಿ ಸುರಿದರೆ ತಳ ಬೇಯುವುದೇ ಇಲ್ಲ. ಹಾಗಾಗಿ ಶೆಲ್ಲನ್ನು ಖಾಲಿಯಾಗಿಯೇ ಮೊದಲು ಬೇಯಿಸಬೇಕು. ಇದಕ್ಕೆ ಬ್ಲೈಂಡ್ ಬೇಕಿಂಗ್ ಎನ್ನುತ್ತಾರೆ. ನನ್ನ ಟಿನ್ 23 ಸೆಂ.ಮೀ. ಅಗಲದ್ದು, ತಳ ಕಳಚುವಂಥದ್ದು, ಗೋಡೆಯ ಎತ್ತರ 2.5 ಸೆಂ.ಮೀ. ಮೂರು ಬಾರಿಯೂ ಹಿಟ್ಟು ಒಂದೇ: ಮೈದಾ 200 ಗ್ರಾಂ, ಉಪ್ಪಿಲ್ಲದ ತಣ್ಣನೆಯ ಬೆಣ್ಣೆ 100 ಗ್ರಾಂ, ಚಿಟಿಕೆ ಉಪ್ಪು, ಮೂರು ದೊಡ್ಡ ಚಮಚ ಐಸ್ ನೀರು. ಪ್ರತಿ ಸಲವೂ ಬೆಂದ ಗೋಡೆಯ ಎತ್ತರವನ್ನು ಸ್ಕೇಲಿನಿಂದ ಅಳೆದಿದ್ದೇನೆ.

ಮೊದಲ ಭಾನುವಾರ: 1.5 ಸೆಂ.ಮೀ.

ಹಿಟ್ಟು ಕಲಸಿದ ಹತ್ತೇ ನಿಮಿಷಕ್ಕೆ ಲಟ್ಟಿಸಿದೆ. ಟಿನ್ನಿಗೆ ಹಾಸುವಾಗ ಒಂದು ಕಡೆ ಸಾಲದೆ ಬಂತು. ಬೆರಳಿನಿಂದ ಎಳೆದು ಅಂಚಿಗೆ ಮುಟ್ಟಿಸಿದೆ. ಬಟರ್ ಪೇಪರ್ ಹಾಸಿ, ಭಾರಕ್ಕೆಂದು ಕಾಲು ಕಿಲೋ ಕಡಲೆಕಾಳು ಹರಡಿದೆ. ಓವನ್‌ನಿಂದ ತೆಗೆದಾಗ ಎಳೆದ ಕಡೆಯ ಗೋಡೆ ಪೂರ್ತಿ ಕೆಳಗಿಳಿದಿತ್ತು.

ಹೋಳಿಗೆ ಮಾಡುವವರಿಗೆ ಕಾರಣ ಗೊತ್ತು. ಕಣಕವನ್ನು ಗಂಟೆಗಟ್ಟಲೆ ನೆನೆಯಲು ಬಿಡದೆ ತಟ್ಟಲು ಹೋದರೆ ಅದು ರಬ್ಬರಿನಂತೆ ಹಿಂದಕ್ಕೆ ಸೇದಿಕೊಳ್ಳುತ್ತದೆ. ಮೈದಾಕ್ಕೆ ನೀರು ತಾಗಿದಾಗ ಹುಟ್ಟುವ ಗ್ಲುಟೆನ್ ಇಲ್ಲಿಯೂ ಮಾಡುವುದು ಅದನ್ನೇ. ನಾನು ಎಳೆದ ಹಿಟ್ಟು ಶಾಖ ತಗುಲಿದ ಕೂಡಲೇ ತನ್ನ ಹಳೆಯ ಅಳತೆಗೆ ಮರಳಿತು.

ಎರಡನೆಯ ಭಾನುವಾರ: 2 ಸೆಂ.ಮೀ.

ಹಿಟ್ಟನ್ನು ಬಿಲ್ಲೆಯಂತೆ ಚಪ್ಪಟೆ ಮಾಡಿ ಒಂದು ಗಂಟೆ ಫ್ರಿಜ್‌ನಲ್ಲಿಟ್ಟೆ. ಟಿನ್ನಿಗಿಂತ ಎಂಟು ಸೆಂ.ಮೀ. ಹೆಚ್ಚು ಅಗಲಕ್ಕೆ, ಮೂರು ಮಿ.ಮೀ. ದಪ್ಪಕ್ಕೆ ಲಟ್ಟಿಸಿದೆ. ಈ ಸಲ ಎಳೆಯಲಿಲ್ಲ. ಅಂಚನ್ನು ಎತ್ತಿ ಹಿಡಿದು ಹಿಟ್ಟು ತನ್ನ ಭಾರಕ್ಕೇ ಮೂಲೆಗೆ ಇಳಿಯುವಂತೆ ಬಿಟ್ಟೆ. ಇಷ್ಟರಿಂದಲೇ ಅರ್ಧ ಸೆಂ.ಮೀ. ಉಳಿಯಿತು.

ಆದರೂ ಗೋಡೆ ಜಾರಿತ್ತು, ತಳ ಹಸಿಯಾಗಿ ಪೇಪರಿಗೆ ಅಂಟಿತ್ತು. ಅನುಮಾನ ಬಂದು ಓವನ್ ಥರ್ಮಾಮೀಟರ್ ತಂದು ಒಳಗಿಟ್ಟೆ. ಗುಂಡಿ 190ರಲ್ಲಿದ್ದರೂ ಒಳಗೆ 165 ಡಿಗ್ರಿ ಮಾತ್ರ! ಅಷ್ಟು ಮಂದ ಶಾಖದಲ್ಲಿ ಹಿಟ್ಟು ಗಟ್ಟಿಯಾಗುವ ಮೊದಲೇ ಬೆಣ್ಣೆ ಕರಗುತ್ತದೆ, ಆಸರೆಯಿಲ್ಲದ ಗೋಡೆ ಕುಸಿಯುತ್ತದೆ. ಆಸರೆಯೂ ಇರಲಿಲ್ಲ: ಕಾಲು ಕಿಲೋ ಕಾಳು ತಳವನ್ನಷ್ಟೇ ಮುಚ್ಚಿತ್ತು. ತಳ ಉಬ್ಬದಂತೆ ಒತ್ತುವುದು ಭಾರದ ಅರ್ಧ ಕೆಲಸ. ಗೋಡೆಯನ್ನು ಒಳಗಿನಿಂದ ಟಿನ್ನಿಗೆ ಒತ್ತಿ ಹಿಡಿಯುವುದು ಉಳಿದರ್ಧ. ನಾನು ಎರಡನೆಯದನ್ನು ಮರೆತಿದ್ದೆ.

ಮೂರನೆಯ ಭಾನುವಾರ: 2.4 ಸೆಂ.ಮೀ.

ಹಾಸಿದ ಮೇಲೆ ಹೆಚ್ಚಿನ ಹಿಟ್ಟನ್ನು ಅಂಚಿಗೆ ಸಮನಾಗಿ ಕತ್ತರಿಸದೆ, ಎರಡು ಮಿ.ಮೀ. ಮೇಲೆ ನಿಲ್ಲುವಂತೆ ಬಿಟ್ಟೆ. ಟಿನ್ನನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟೆ. ಬೆಣ್ಣೆ ಕಲ್ಲಿನಂತಾದರೆ ಗೋಡೆಗೆ ಗಟ್ಟಿಯಾಗಲು ಸಮಯ ಸಿಗುತ್ತದೆ. ಗುಂಡಿಯನ್ನು 215ಕ್ಕೆ ತಿರುಗಿಸಿ, ಥರ್ಮಾಮೀಟರ್ 190 ತೋರಿಸುವವರೆಗೆ ಕಾದೆ. ಕೆಳಗಿನ ತಟ್ಟೆಯೂ ಓವನ್‌ನೊಳಗೇ ಕಾಯುತ್ತಿತ್ತು, ತಳಕ್ಕೆ ನೇರ ಶಾಖ ಸಿಗಲೆಂದು.

ಬಟರ್ ಪೇಪರನ್ನು ಮುದ್ದೆ ಮಾಡಿ ಬಿಡಿಸಿ ಹಾಸಿದೆ. ಹಾಗೆ ಮಾಡಿದರೆ ಅದು ಮೂಲೆಯಲ್ಲಿ ಸೆಟೆದು ನಿಲ್ಲುವುದಿಲ್ಲ. ಈ ಬಾರಿ ಮುಕ್ಕಾಲು ಕಿಲೋ ಅಕ್ಕಿಯನ್ನು ಅಂಚಿನವರೆಗೂ ತುಂಬಿ, ಬೆರಳಿನಿಂದ ಗೋಡೆಯ ಕಡೆಗೆ ಒತ್ತಿದೆ. ಕಡಲೆಕಾಳಿಗಿಂತ ಅಕ್ಕಿ ಮೂಲೆಯ ಸಂದಿಗೆ ಚೆನ್ನಾಗಿ ಇಳಿಯುತ್ತದೆ. ಇದನ್ನು ಮತ್ತೆ ಅನ್ನಕ್ಕೆ ಬಳಸುವುದಿಲ್ಲ. ಆರಿದ ಮೇಲೆ ಡಬ್ಬಿಗೆ ತುಂಬಿ, ಮುಂದಿನ ಶೆಲ್ಲಿಗೆಂದು ಚೀಟಿ ಅಂಟಿಸಿದ್ದೇನೆ.

25 ನಿಮಿಷಕ್ಕೆ ಪೇಪರಿನ ತುದಿ ಎತ್ತಿ ನೋಡಿದೆ. ಅಂಚು ಹೊನ್ನಬಣ್ಣಕ್ಕೆ ತಿರುಗುತ್ತಿತ್ತು, ಆದರೆ ನಡುವೆ ಒಂದು ರೂಪಾಯಿಯಷ್ಟು ಜಾಗ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಆ ಹೊಳಪು ಹಸಿಯ ಗುರುತು. ಇನ್ನೈದು ನಿಮಿಷ ಬಿಟ್ಟೆ. ತಳ ಮಂಕಾಯಿತು, ಪೇಪರ್ ಸಲೀಸಾಗಿ ಬಿಟ್ಟಿತು. ಭಾರ ತೆಗೆದು ಬರಿದಾಗಿ ಹನ್ನೆರಡು ನಿಮಿಷ ಬೇಯಿಸಿದಾಗ ತಳವೂ ಬಿಸ್ಕತ್ತಿನ ಬಣ್ಣಕ್ಕೆ ಬಂತು. ಬಿಸಿಯಿರುವಾಗಲೇ ಮೊಟ್ಟೆಯ ಬಿಳಿಯನ್ನು ತೆಳ್ಳಗೆ ಸವರಿ ಎರಡು ನಿಮಿಷ ಒಳಗಿಟ್ಟೆ, ಹೂರಣದ ನೀರು ಇಂಗದಿರಲೆಂದು. ಮೇಲೆ ನಿಂತಿದ್ದ ಎರಡು ಮಿ.ಮೀ. ಅಂಚು ಬೇಯುವಷ್ಟರಲ್ಲಿ ಕುಗ್ಗಿ, ಟಿನ್ನಿನ ಅಂಚಿಗಿಂತ ಕೂದಲೆಳೆಯಷ್ಟು ಕೆಳಗೆ ನಿಂತಿತು.

ಸಂಜೆ ನಿಂಬೆ ಹೂರಣ ಸುರಿದು 150 ಡಿಗ್ರಿಯಲ್ಲಿ ಬೇಯಿಸಿದೆ. ಕತ್ತರಿಸಿದ ತುಂಡನ್ನು ಎತ್ತಿದಾಗ ತಳ ಬಾಗಲಿಲ್ಲ. ಒಂದು ಕಡೆ ಮಾತ್ರ ಗೋಡೆ ಉಳಿದೆಡೆಗಿಂತ ಕಂದಾಗಿದೆ. ಓವನ್‌ನ ಹಿಂಬದಿಗಿದ್ದ ಕಡೆ ಅದು. ಮುಂದಿನ ಸಲ ಭಾರ ತೆಗೆಯುವಾಗ ಟಿನ್ನನ್ನೂ ತಿರುಗಿಸಿಡುತ್ತೇನೆ.