ಅಕ್ಷರ ಓದಿದಳು, ಆದರೆ ಕಣ್ಣಿನ ನರ ಊದಿತ್ತು

14 ಮಾರ್ಚ್ 2025, ಶುಕ್ರವಾರ

ಈ ವಾರ ಕಣ್ಣಿನ ವಿಭಾಗಕ್ಕೆ ಬಂದಿದ್ದ 26 ವರ್ಷದ ಹುಡುಗಿಗೆ ಇವತ್ತು ಬೆನ್ನುಹುರಿ ಸುತ್ತಲಿನ ನೀರಿನ ಪರೀಕ್ಷೆ ಆಯಿತು. ಒತ್ತಡ ನೀರಿನ ಎತ್ತರದ ಲೆಕ್ಕದಲ್ಲಿ 34 ಸೆಂಟಿಮೀಟರ್ ಬಂತು. ದೊಡ್ಡವರಲ್ಲಿ 25 ಮುಟ್ಟಿದರೇ ಜಾಸ್ತಿ ಅಂತ ಲೆಕ್ಕ.

ಅವಳು ಬಂದಿದ್ದು ಕನ್ನಡಕ ಬದಲಾಯಿಸಲು. ಎರಡು ತಿಂಗಳಿಂದ ತಲೆನೋವು, ಜೊತೆಗೆ ಆಗಾಗ ಕಣ್ಣು ಮಂಜು. ಚಾರ್ಟ್ ಮುಂದೆ ಕೂರಿಸಿದರೆ ಎರಡೂ ಕಣ್ಣಲ್ಲಿ 6/6, ಸಲೀಸಾಗಿ ಓದಿದಳು. ಕಣ್ಣು ಚೆನ್ನಾಗಿದೆ ಅಂತ ಕಳಿಸಿಬಿಡುವ ಅಪಾಯ ಇರುವುದು ಇಲ್ಲೇ. ಮಿದುಳಿನ ಸುತ್ತಲಿನ ನೀರಿನ ಒತ್ತಡ ಏರುವ ಈ ಕಾಯಿಲೆಯಲ್ಲಿ ನೋಟ ಸಾಮಾನ್ಯವಾಗಿ ಅಂಚಿನಿಂದ ಸವೆಯುತ್ತದೆ, ಅಕ್ಷರ ಓದುವ ನಡುವಿನ ನೋಟ ಕೆಡುವುದು ತಡವಾಗಿ.

ಬಗ್ಗಿ ಎದ್ದಾಗ ಕೆಲವು ಸೆಕೆಂಡ್ ಕಣ್ಣು ಕತ್ತಲಾಗುತ್ತಾ, ಕಿವಿಯಲ್ಲಿ ನಾಡಿ ಬಡಿದ ಹಾಗೆ ಸದ್ದು ಕೇಳುತ್ತಾ ಅಂತ ಕೇಳಿದೆ. "ಹೌದು ಡಾಕ್ಟ್ರೇ, ರಾತ್ರಿ ಮಲಗಿದಾಗ ಜಾಸ್ತಿ" ಅಂದಳು. ಒಂದು ವರ್ಷದಲ್ಲಿ ತೂಕ 12 ಕೆಜಿ ಏರಿದೆ. ಡ್ರಾಪ್ಸ್ ಹಾಕಿ ಕಣ್ಣಿನ ಹಿಂಭಾಗ ನೋಡಿದರೆ ಎರಡೂ ನರದ ತುದಿ ಊದಿ, ಅಂಚು ಮಸುಕಾಗಿತ್ತು. ಮಿದುಳಿನ ಸುತ್ತಲಿನ ನೀರು ಕಣ್ಣಿನ ನರದ ಹೊದಿಕೆಯೊಳಗೂ ಇರುತ್ತದೆ, ಅಲ್ಲಿ ಒತ್ತಡ ಏರಿದರೆ ಇಲ್ಲಿ ನರ ಊದುತ್ತದೆ. ಅಂಚಿನ ನೋಟ ಅಳೆಯುವ ಫೀಲ್ಡ್ ಟೆಸ್ಟ್‌ನಲ್ಲಿ, ಎಲ್ಲರ ಕಣ್ಣಲ್ಲೂ ಇರುವ ಏನೂ ಕಾಣದ ಜಾಗ, ಬ್ಲೈಂಡ್ ಸ್ಪಾಟ್, ದೊಡ್ಡದಾಗಿತ್ತು, ಮೂಗಿನ ಕಡೆ ಕೆಳಗಿನ ಅಂಚಿನ ನೋಟವೂ ಕುಗ್ಗಿತ್ತು.

ಇಷ್ಟಾದರೂ ಆಗಲೇ ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್ ಅಂದರೆ ಕಾರಣ ತಿಳಿಯದೆ ತಲೆಯೊಳಗಿನ ಒತ್ತಡ ಏರಿರುವುದು ಅಂತ ಬರೆಯುವ ಹಾಗಿಲ್ಲ. ಬೇರೆ ಯಾವ ಕಾರಣವೂ ಸಿಗದಿದ್ದರೆ ಮಾತ್ರ ಆ ಹೆಸರು. ತಕ್ಷಣ ಬಿಪಿ ನೋಡಿದೆವು, ಯಾಕೆಂದರೆ ಬಿಪಿ ವಿಪರೀತ ಏರಿದರೂ ನರ ಹೀಗೇ ಊದಬಹುದು. ಮೊಡವೆಗೆ ಡಾಕ್ಸಿಸೈಕ್ಲಿನ್ ಅಥವಾ ಐಸೊಟ್ರೆಟಿನಾಯಿನ್, ಇಲ್ಲವೇ ವಿಟಮಿನ್ ಎ ಮಾತ್ರೆ ತಗೊಂಡಿದ್ದಾಳಾ ಅಂತ ವಿಚಾರಿಸಿದೆವು, ಇವೂ ಒತ್ತಡ ಏರಿಸಬಹುದು. ಅವಳು ಯಾವುದೂ ತಗೊಂಡಿರಲಿಲ್ಲ. ಎಂಆರ್‌ಐ ಜೊತೆ ಮಿದುಳಿನ ರಕ್ತನಾಳ ತೋರಿಸುವ ಎಂಆರ್‌ವಿ ಸ್ಕ್ಯಾನ್ ಕೂಡ ಮಾಡಿಸಿದೆವು. ಎಂಆರ್‌ವಿ ಬಿಟ್ಟರೆ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದು ತಪ್ಪಿಹೋಗಬಹುದು, ಅದರ ಲಕ್ಷಣವೂ ಹೆಚ್ಚುಕಡಿಮೆ ಇದೇ. ಗಡ್ಡೆ ಇಲ್ಲ, ಹೆಪ್ಪೂ ಇಲ್ಲ.

ಸ್ಕ್ಯಾನ್ ಮೊದಲು, ಸೂಜಿ ಆಮೇಲೆ. ಒಳಗೆ ದೊಡ್ಡ ಗಡ್ಡೆ ಇದ್ದಾಗ ಕೆಳಗಿನಿಂದ ನೀರು ತೆಗೆದರೆ ಮಿದುಳು ಕೆಳಕ್ಕೆ ಜಾರಿ ಜೀವಕ್ಕೇ ಅಪಾಯವಾಗಬಹುದು.

ಒತ್ತಡ ಅಳೆಯುವಾಗಲೂ ಅವಸರ ಮಾಡಬಾರದು. ಪಕ್ಕಕ್ಕೆ ಮುದುಡಿ ಮಲಗಿಸಿ ಸೂಜಿ ಹಾಕುತ್ತಾರೆ. ಅದೇ ಭಂಗಿಯಲ್ಲಿ, ಹೆದರಿ ಉಸಿರು ಬಿಗಿ ಹಿಡಿದಿರುವಾಗ ಓದಿದರೆ ಸುಮ್ನೆ ಜಾಸ್ತಿ ಬರುತ್ತದೆ. ಹಾಗಾಗಿ ಇವತ್ತು ನಮ್ಮ ನ್ಯೂರೋ ಡಾಕ್ಟರ್ ಅವಳ ಕಾಲು ನಿಧಾನ ಚಾಚಿಸಿ, ಉಸಿರು ಸಡಿಲ ಬಿಡಲು ಹೇಳಿ, ಕೊಳವೆಯಲ್ಲಿ ನೀರು ಏರುವುದು ನಿಂತ ಮೇಲೆ 34 ಅಂತ ಓದಿದರು. ನೀರು ತಿಳಿಯಾಗಿತ್ತು. ಸೋಂಕಿನ ಕಣಗಳಿಲ್ಲ, ಪ್ರೋಟೀನ್ ಸರಿ ಇದೆ.

ಒತ್ತಡ ಇಳಿಸುವ ಔಷಧಿ ಅಸೆಟಜೋಲಮೈಡ್ ಶುರುವಾಯಿತು, ಬೆರಳು ಜುಮ್ಮೆನ್ನಬಹುದು ಅಂತ ಹೇಳಿದ್ದೇವೆ. ತೂಕ ಇಳಿಸಲು ಡಯಟಿಷಿಯನ್ ಹತ್ತಿರ ಕಳಿಸುತ್ತಿದ್ದೇವೆ. ಎರಡು ವಾರಕ್ಕೆ ಮತ್ತೆ ಫೀಲ್ಡ್ ಟೆಸ್ಟ್. ಅಷ್ಟರೊಳಗೆ ನೋಟ ಇನ್ನೂ ಕುಗ್ಗಿದರೆ ಕಾಯದೆ ಅದೇ ದಿನ ಬರಬೇಕು, ಆಗ ಆಪರೇಷನ್ ಬಗ್ಗೆ ಯೋಚಿಸಬೇಕಾಗುತ್ತದೆ.