ಬೇಜಾರಿಗೆ ಯಾವ ಮುಖ?

ಕಳೆದ ಗುರುವಾರ ಮಗನನ್ನು ಕರೆತರಲು ಇಲ್ಲಿ, ಇಂಗ್ಲೆಂಡಿನಲ್ಲಿ, ನರ್ಸರಿಗೆ ಹೋದಾಗ ಅವನ ಟೀಚರ್ ಗೇಟಿನ ಹತ್ತಿರವೇ ನನ್ನನ್ನು ನಿಲ್ಲಿಸಿ ಒಂದು ಹಳದಿ ಚೀಟಿ ತೋರಿಸಿದರು. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ, ಕಿವಿಗೆ ಬಿದ್ದ ಹಾಗೆ, ‘ಬೇಜಾರು’ ಅಂತ ಬರೆದುಕೊಂಡಿದ್ದರು.

“ಬೆಳಗ್ಗೆಯಿಂದ ಐದಾರು ಸಲ ಇದನ್ನೇ ಹೇಳಿದ. ಹಾಗಂದ್ರೆ ಏನು?”

ನಾನು ಬಾಯಿ ತೆರೆದೆ. ದುಃಖ ಅನ್ನಲೇ? ಬೋರ್ ಆಗಿದೆ ಅನ್ನಲೇ? ಕೋಪ ಅಂದರೂ ತಪ್ಪಿಲ್ಲ. ದಿನಕ್ಕೆ ಹತ್ತು ಸಲ ಆಡುವ ಮಾತಿಗೆ ಅರ್ಥ ಕೇಳಿದರೆ ನಾಲಿಗೆ ತಡವರಿಸಿತು. ಹಿಂದೆ ಬೇರೆ ಅಪ್ಪ ಅಮ್ಮಂದಿರು ಕಾಯುತ್ತಿದ್ದರು. “ನಾಳೆ ಹೇಳ್ತೀನಿ” ಅಂದು ಹೊರಟೆ.

ಆಗಿದ್ದು ಇಷ್ಟು. ನಾಲ್ಕು ವರ್ಷದ ನನ್ನ ಮಗ ಇನ್ನೊಂದು ಮಗು ಕಟ್ಟಿದ ಮರದ ಇಟ್ಟಿಗೆಗಳ ಗೋಪುರವನ್ನು ಒದ್ದು ಬೀಳಿಸಿದ್ದಾನೆ. ಟೀಚರ್ ಅವನನ್ನು ‘ಕಾಮ್ ಕಾರ್ನರ್’ಗೆ ಕರೆದುಕೊಂಡು ಹೋಗಿದ್ದಾರೆ. ಅಂದರೆ ಕೋಣೆಯ ಸದ್ದಿಲ್ಲದ ಬದಿಯಲ್ಲಿ ಹಾಸಿದ ಚಾಪೆ, ಎರಡು ದಿಂಬು, ಒಂದು ಬಟ್ಟೆಯ ಕರಡಿ, ಮಿನುಗುಪುಡಿ ತುಂಬಿದ ಬಾಟಲಿ ಮತ್ತು ಗೋಡೆಯ ಮೇಲೆ ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿದ ನಾಲ್ಕು ಮುಖದ ಕಾರ್ಡು: ಖುಷಿ, ದುಃಖ, ಸಿಟ್ಟು, ಭಯ. ನಮ್ಮವನು ನಾಲ್ಕನ್ನೂ ಕಿತ್ತು, ಒಂದೊಂದನ್ನೇ ನೋಡಿ, ಮುಖ ಕೆಳಗೆ ಮಾಡಿ ಚಾಪೆಯ ಮೇಲಿಟ್ಟನಂತೆ. ಆಮೇಲೆ ಹೇಳಿದ್ದು ಆ ಒಂದೇ ಮಾತು.

ನರ್ಸರಿಗೆ ಸೇರಿಸಿದ ಹೊಸದರಲ್ಲಿ ಈ ಮೂಲೆ ಕಂಡು ನಾನು ಒಳಗೊಳಗೇ ನಕ್ಕಿದ್ದೆ. ಹಾಸನದ ಹತ್ತಿರದ ನಮ್ಮೂರ ಶಾಲೆಯಲ್ಲೂ ಮೂಲೆಯಿತ್ತು. ಗೋಡೆಗೆ ಮುಖ ಮಾಡಿ, ಕಿವಿ ಹಿಡಿದು ನಿಲ್ಲುವ ಮೂಲೆ. ಇವರು ಅದಕ್ಕೊಂದು ದಿಂಬು ಹಾಕಿದ್ದಾರೆ, ಅಷ್ಟೇ ಅಂದುಕೊಂಡೆ. ಅದೇ ತಿಳಿವಳಿಕೆಯಲ್ಲಿ ಮನೆಯಲ್ಲೂ ಮೆಟ್ಟಿಲ ಕೆಳಗೆ ಒಂದು ಮೂಲೆ ಮಾಡಿದೆ. ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಹದಿನಾರು ಮುಖಗಳ ಚಾರ್ಟು ಪ್ರಿಂಟ್ ಮಾಡಿ ಅಂಟಿಸಿದೆ. ಒಂದು ಸಂಜೆ ಅವನು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಾಗ “ಹೋಗು, ಕಾಮ್ ಕಾರ್ನರ್‌ಗೆ ಹೋಗು!” ಅಂತ ಕಿರುಚಿ, ಚಾರ್ಟನ್ನು ಮುಖದ ಮುಂದೆ ಹಿಡಿದು “ಯಾವುದು ನಿನ್ನ ಮುಖ, ತೋರ್ಸು” ಅಂದೆ. ಅವನು ಚಾರ್ಟಿನ ಅಂಚು ಕಚ್ಚಿ ಹರಿದ. ಕಾಮ್ ಆಗಬೇಕಿದ್ದವಳು ನಾನು.

ಇದನ್ನು ಕೇಳಿ ಟೀಚರ್ ನಗಲಿಲ್ಲ. ಅವರು ಹೇಳಿದ್ದರಲ್ಲಿ ನನಗೆ ಉಳಿದದ್ದು ಇದು. ಅಳು ನೆತ್ತಿಗೇರಿದಾಗ ಮಗುವಿಗೆ ಪ್ರಶ್ನೆಯೇ ಕೇಳಿಸುವುದಿಲ್ಲ. ಆಗ ಕಾರ್ಡು ಬೇಡ, ಪಕ್ಕದಲ್ಲೊಬ್ಬ ದೊಡ್ಡವರು ಕೂತರೆ ಸಾಕು. ಬಾಟಲಿ ಇರುವುದು ಅದಕ್ಕೇ. ಬೆಚ್ಚಗಿನ ನೀರು, ಪಾರದರ್ಶಕ ಅಂಟು, ಮಿನುಗುಪುಡಿ ಹಾಕಿ, ಮುಚ್ಚಳವನ್ನು ತೆಗೆಯಲಾಗದಂತೆ ಅಂಟಿಸಿಬಿಡುತ್ತಾರೆ. ಅಲುಗಾಡಿಸಿದರೆ ಪುಡಿ ಎದ್ದು ಸುತ್ತಿ, ನಿಧಾನಕ್ಕೆ ತಳ ಸೇರುತ್ತದೆ. ಅಂಟು ಹೆಚ್ಚು ಹಾಕಿದಷ್ಟೂ ನಿಧಾನ. ಅದನ್ನು ನೋಡುತ್ತಾ ಮಗುವಿನ ಉಸಿರೂ ಇಳಿಯುತ್ತದೆ. ಆಮೇಲೆ ಮಾತು. ಅದೂ “ನಿನಗೆ ಏನಾಗಿದೆ?” ಅಂತಲ್ಲ, “ಕೈ ಮುಷ್ಟಿ ಮಾಡಿದ್ದೀಯ, ಸಿಟ್ಟು ಬಂದಿರಬಹುದಾ?” ಅಂತ. ಊಹೆಯ ಹಾಗಿದ್ದರೆ ಮಗು ಅಲ್ಲ ಅನ್ನಬಹುದು. ಸಿಟ್ಟು ಬಂದಿದ್ದು ಸರಿ, ಒದ್ದಿದ್ದು ಸರಿಯಲ್ಲ ಅನ್ನುವುದು ಎಲ್ಲಕ್ಕಿಂತ ಕೊನೆಗೆ.

ಕಾರ್ಡುಗಳನ್ನು ಕಲಿಸುವುದು ಅಳುವ ಹೊತ್ತಿನಲ್ಲಲ್ಲ, ನಗುವ ಹೊತ್ತಿನಲ್ಲಿ. ಕತೆ ಕೇಳುವಾಗ, ಕನ್ನಡಿ ಮುಂದೆ ಮುಖ ಸೊಟ್ಟ ಮಾಡುವಾಗ. ಹದಿನಾರು ಮುಖ ಒಟ್ಟಿಗೆ ಕೊಟ್ಟರೆ ಈ ವಯಸ್ಸಿನವರು ಬಣ್ಣ ಚೆನ್ನಾಗಿರುವುದನ್ನು ಆರಿಸಿಕೊಳ್ಳುತ್ತಾರೆ, ಇಲ್ಲವೇ ಟೀಚರಿಗೆ ಇಷ್ಟವಾಗಲಿ ಅಂತ ಖುಷಿಯನ್ನು ತೋರಿಸುತ್ತಾರೆ. ಮೂಲೆ ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ ಅಂತಲೂ ಕೇಳಿದೆ. “ಉಳಿದ ಮಕ್ಕಳ ಮಾತು ಕೇಳಿಸಿಕೊಳ್ಳಿ. ‘ಅವನು ತಪ್ಪು ಮಾಡಿದ್ದಾನೆ, ಅದಕ್ಕೇ ಅಲ್ಲಿ ಕೂತಿದ್ದಾನೆ’ ಅಂತ ಯಾವ ಮಗುವಾದರೂ ಅಂದರೆ ನಾವು ಎಲ್ಲೋ ಎಡವಿದ್ದೇವೆ ಅಂತ ಅರ್ಥ.” ಆಟಿಕೆ ಎತ್ತಿಡುವ ಹೊತ್ತಿಗೆ ಸರಿಯಾಗಿ ಅಲ್ಲಿ ಹೋಗಿ ಮಲಗುವ ಜಾಣರೂ ಇದ್ದಾರಂತೆ. ನಮ್ಮವನೂ ಅವರಲ್ಲೊಬ್ಬ ಅಂತ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಮನೆಗೆ ಬಂದು ಆ ಪದವನ್ನೇ ತಿರುವಿ ಹಾಕಿದೆ. ನಮ್ಮಲ್ಲಿ ಬೇಜಾರು ಒಂಟಿಯಾಗಿ ಬಂದರೆ ಏನೂ ತಿಳಿಯದು, ಅದರ ಹಿಂದಿನ ಮಾತು ಬೇಕು. ‘ಆಟ ಬೇಜಾರು’ ಅಂದರೆ ಸಾಕಾಗಿದೆ. ‘ಅಜ್ಜಿ ಇಲ್ಲದೆ ಬೇಜಾರು’ ಅಂದರೆ ದುಃಖ. ‘ಅಜ್ಜಿ ಮೇಲೆ ಬೇಜಾರು’ ಅಂದರೆ ಮುನಿಸು. ಮುನಿಸಂತೂ ನಮ್ಮವರ ಮೇಲೆ ಮಾತ್ರ ಬರುವ ಸಿಟ್ಟು, ಯಾರಾದರೂ ಬಂದು ರಮಿಸುತ್ತಾರೆ ಅನ್ನುವ ಧೈರ್ಯವಿದ್ದಾಗ ಮಾತ್ರ. ಚಿಕ್ಕವಳಿದ್ದಾಗ ನಾನು ಮುನಿಸಿಕೊಂಡು ಅಟ್ಟದ ಏಣಿ ಕೆಳಗೆ ಕೂರುತ್ತಿದ್ದೆ. ನಮ್ಮಜ್ಜಿ ಏನೂ ಕೇಳದೆ ಪಕ್ಕದಲ್ಲಿ ಅವರೆಕಾಳು ಸುಲಿಯುತ್ತಾ ಕೂರುವಳು. ಸ್ವಲ್ಪ ಹೊತ್ತಿಗೆ ನಾನೂ ಒಂದು ಕಾಯಿ ಬಿಡಿಸುತ್ತಿದ್ದೆ. ಅಂಟು, ಮಿನುಗುಪುಡಿ ಯಾವುದೂ ಬೇಕಿರಲಿಲ್ಲ. ಆದರೆ ಅದೇ ಮನೆಯಲ್ಲಿ ನನ್ನ ತಮ್ಮ ಅತ್ತರೆ “ಗಂಡು ಹುಡ್ಗ ಅಳ್ತಾನೇನೋ” ಅಂತಲೂ, ನಿಲ್ಲಿಸದಿದ್ದರೆ “ಗುಮ್ಮನ್ ಕರೀತೀನಿ” ಅಂತಲೂ ಅಂದವಳೂ ಅವಳೇ. ಅವನಿಗೆ ಈಗ ಮೂವತ್ತೈದು. ಯಾವಾಗ ಫೋನು ಮಾಡಿದರೂ “ಏನಿಲ್ಲ, ಎಲ್ಲಾ ಆರಾಮು.”

ರಾತ್ರಿ ಮಲಗಿಸುವಾಗ ಕೇಳಿದೆ, “ಪುಟ್ಟ, ಯಾರಿಲ್ಲ ಅಂತ ಬೇಜಾರು?” ಉತ್ತರ ನನಗೆ ಗೊತ್ತಿತ್ತು. ನಮ್ಮಮ್ಮ ಆರು ತಿಂಗಳು ನಮ್ಮ ಜೊತೆಗಿದ್ದು, ವೀಸಾ ಅವಧಿ ಮುಗಿದು, ಭಾನುವಾರವಷ್ಟೇ ಊರಿಗೆ ಹೊರಟಿದ್ದರು.

ಅವನು ತಲೆಯಾಡಿಸಿದ. “ಇಲ್ಲ ಅಂತ ಅಲ್ಲ. ಮೇಲೆ.”

“ಯಾರ ಮೇಲೆ? ಅಜ್ಜಿ ಮೇಲಾ?”

“ನಿನ್ ಮೇಲೆ. ಅಜ್ಜಿನ ಏರ್‌ಪೋರ್ಟಲ್ಲಿ ಬಿಟ್ಟು ಬಂದಿದ್ದು ನೀನೇ ಅಲ್ವಾ.”

ವೀಸಾ, ಆರು ತಿಂಗಳು ಅಂತ ಶುರುಮಾಡಿದವಳು ಅರ್ಧಕ್ಕೇ ನಿಲ್ಲಿಸಿದೆ. ಕೇಳಿಸಿಕೊಳ್ಳುವ ಹೊತ್ತು ಅದಾಗಿರಲಿಲ್ಲ. “ಹೌದು, ನಾನೇ ಬಿಟ್ಟು ಬಂದೆ. ನನ್ ಮೇಲೆ ಬೇಜಾರಾಗಿದೆ ನಿಂಗೆ” ಅಂದೆ. ಅವನು ಆ ಕಡೆ ತಿರುಗಿ ಮಲಗಿದ. ಸುಮಾರು ಹೊತ್ತಿನ ಮೇಲೆ ಒಂದು ಕಾಲು ಮಾತ್ರ ನನ್ನ ಮೇಲೆ ಬಂತು.

ಮರುದಿನ ಟೀಚರಿಗೆ ಎಲ್ಲ ಹೇಳಿದೆ. ಅವರು ಇಂಗ್ಲಿಷಿನ ಒಂದು ಪದ ಹುಡುಕಲು ಹೋಗಲಿಲ್ಲ. ಮನೆಮಾತಿಗೂ ಆಟಪಾಠದಲ್ಲಿ ಜಾಗ ಕೊಡಬೇಕೆಂಬುದು ಇಂಗ್ಲೆಂಡಿನ ನರ್ಸರಿಗಳ ನಿಯಮದಲ್ಲೇ ಇದೆ. “ಹಾಗಾದರೆ ಐದನೇ ಕಾರ್ಡು ಬೇಜಾರು. ಬರೆದ ಚಿತ್ರ ಬೇಡ, ಫೋಟೋ ಕೊಡಿ. ಗುರುತಿರುವ ಮುಖವಾದರೆ ಇನ್ನೂ ಒಳ್ಳೆಯದು” ಅಂದರು.

ಶನಿವಾರ ಅವನನ್ನು ಕನ್ನಡಿ ಮುಂದೆ ನಿಲ್ಲಿಸಿದೆ. ಬೇಜಾರಿನ ಮುಖ ಮಾಡು ಅಂದರೆ ನಗು ಬರುತ್ತಿತ್ತು. ಕೊನೆಗೆ ನನ್ನ ಫೋನು ಕಿತ್ತುಕೊಂಡು ಫೋಟೋಗಳನ್ನು ಸರಿಸುತ್ತಾ ಹೋಗಿ ಒಂದರ ಮೇಲೆ ಬೆರಳಿಟ್ಟ. ಹೀಥ್ರೋದಲ್ಲಿ ಸೆಕ್ಯುರಿಟಿಗೆ ಹೋಗುವ ಮುಂಚೆ ತೆಗೆದದ್ದು. ಸೀರೆಯ ಮೇಲೆ ನನ್ನ ಹಳೇ ಸ್ವೆಟರು ಹಾಕಿಕೊಂಡ ಅಮ್ಮ ನಗುತ್ತಿದ್ದಾರೆ.

ಸೋಮವಾರ ಪ್ರಿಂಟ್ ತೆಗೆದುಕೊಂಡು ಹೋದೆವು. ಟೀಚರ್ ಮಂಡಿಯೂರಿ ಕೂತು ನೋಡಿದರು. “ಆದರೆ ನಿಮ್ಮಜ್ಜಿ ಖುಷಿಯಾಗಿದ್ದಾರಲ್ಲ?”

ಅವನು ಇಲ್ಲವೆಂದು ತಲೆಯಾಡಿಸಿದ. ಫೋಟೋದಲ್ಲಿ ಅಮ್ಮನ ಕೈಯನ್ನು ತೋರಿಸಿದ. ಸೆರಗಿನ ತುದಿ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ನಾನು ಅದನ್ನು ಅಲ್ಲಿಯವರೆಗೂ ನೋಡಿರಲಿಲ್ಲ.